ಮೇಲ್ನೋಟವೂ ಗಾಜಿನ ಪಾತ್ರೆಯೂ

ಹೆಸರು ಬಿಡಿಸುವ ದಿನಗಳ ಒಂದು ಸಂಜೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅಣ್ಣಿಗೇರಿಯ ನಮ್ಮ ಮನೆಗೆ ಬಂದ. ಬಿ.ಎ. ಮುಗಿಸಿ ಈಗ ಹುಬ್ಬಳ್ಳಿಯಲ್ಲಿ ಕಾನೂನು ಓದುತ್ತಿರುವವನು. ಜೊತೆಯಲ್ಲಿ ಅವನ ಕಾಕಾ ಇದ್ದರು; ಎರೆಹೊಲದ ರೈತರು, ಅರವತ್ತು ದಾಟಿದವರು. ಅವರ ಕೈಯಲ್ಲಿ ನಾಲ್ಕು ಮಡಿಕೆಯಾಗಿ ಮಡಚಿದ ಒಂದು ಕಾಗದ. ಮುಖದಲ್ಲಿ ಸೋತವರ ಕಳೆ.

ಸಂಗತಿ ಇಷ್ಟು. ಪಕ್ಕದ ಹೊಲದವರು ಬದುವನ್ನು ಒತ್ತಿ ಉತ್ತಿದ್ದರು. ಕಾಕಾ ದಾವೆ ಹೂಡಿದರು. ದಾವೆ ಮುಗಿಯುವ ತನಕ ಬದುವಿನ ತಂಟೆಗೆ ಬಾರದಿರುವಂತೆ ನ್ಯಾಯಾಲಯವು ಎದುರಾಳಿಗೆ ತಾತ್ಕಾಲಿಕ ತಡೆಯಾಜ್ಞೆಯನ್ನು ವಿಧಿಸಿತು. ನಿಜ ನೋಡಿದರೆ ಇದು ಸಂತೋಷದ ಸುದ್ದಿ. ಆದರೆ ಆದೇಶ ಇಂಗ್ಲಿಷಿನಲ್ಲಿತ್ತು. ಅದರಲ್ಲಿ 'ಪ್ರೈಮಾ ಫೇಸಿ' ಎಂಬ ಲ್ಯಾಟಿನ್ ಮಾತು ಎರಡು ಮೂರು ಕಡೆ ಬಂದಿತ್ತು. ಹುಡುಗ ತನಗೆ ತಿಳಿದಂತೆ ಅದನ್ನು ಕನ್ನಡಕ್ಕೆ ತಿರುಗಿಸಿ ಓದಿ ಹೇಳಿದ್ದ: 'ವಾದಿಯ ಪ್ರಕರಣವು ಮೇಲ್ನೋಟದ್ದಾಗಿದೆ.'

"ಮಾಸ್ತರ, ನನ್ನ ದಾವೆ ಮ್ಯಾಲ್ನೋಟಕ್ಕಷ್ಟ ಛಲೋ ಐತಿ, ಒಳಗ ಹುರುಳಿಲ್ಲ ಅಂತ ಬರದಾರೇನ್ರೀ?" ಎಂದರು ಕಾಕಾ.

ಹುಡುಗ ನನ್ನ ಮುಖ ನೋಡಿದ. "ಸರ, ನಿಘಂಟಿನಾಗ ಹಂಗ ಐತ್ರಿ. ಪ್ರೈಮಾ ಫೇಸಿ ಅಂದ್ರ ಮೇಲ್ನೋಟಕ್ಕ" ಎಂದ.

ನಿಘಂಟು ಹೇಳಿದ್ದು ತಪ್ಪಲ್ಲ. ಕಾಕಾ ಅರ್ಥ ಮಾಡಿಕೊಂಡದ್ದೂ ತಪ್ಪಲ್ಲ. ಕನ್ನಡದಲ್ಲಿ 'ಮೇಲ್ನೋಟಕ್ಕೆ' ಎಂದು ಮಾತನ್ನಾರಂಭಿಸಿದರೆ ಕೇಳುವವನ ಕಿವಿ ಮುಂದೆ ಬರಲಿರುವ ಒಂದು 'ಆದರೆ'ಗಾಗಿ ಕಾದಿರುತ್ತದೆ. 'ಮೇಲ್ನೋಟಕ್ಕೆ ಸಾಧು, ಆದರೆ ಒಳಗೆ ಬೇರೆ'. 'ಮೇಲ್ನೋಟಕ್ಕೆ ಗಟ್ಟಿ, ಆದರೆ ಒಳಗೆ ಟೊಳ್ಳು'. ನ್ಯಾಯಾಧೀಶರು ಆ 'ಆದರೆ'ಯನ್ನು ಬರೆದಿರಲಿಲ್ಲ. ಅದನ್ನು ಕನ್ನಡದ ವಾಡಿಕೆಯೇ ತಾನಾಗಿ ತುಂಬಿಕೊಂಡಿತು. ಹೀಗೆ ಗೆಲವಿನ ಕಾಗದವೊಂದು ಸೋಲಿನ ಕಾಗದವಾಯಿತು.

ಈ ಪ್ರಸಂಗದ ಬಳಿಕ ನಾನು ಈ ಲ್ಯಾಟಿನ್ ಮಾತನ್ನು ತರಗತಿಯಲ್ಲಿ ಒಂದು ವಾರ ಎತ್ತಿಕೊಂಡೆ. ಆಗ ಕಂಡುಬಂದ ಕೆಲವು ವಿಷಯಗಳನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಮೊದಲು ಮೂಲವನ್ನು ನೋಡೋಣ. ಇದನ್ನು ಇಂಗ್ಲಿಷ್ ವಕೀಲರು 'ಪ್ರೈಮಾ ಫೇಸಿ' ಎಂದು ಉಚ್ಚರಿಸುತ್ತಾರೆ. ಪ್ರಾಚೀನ ರೋಮಿನವರ ಬಾಯಲ್ಲಿ 'ಪ್ರೀಮಾ ಫಕಿಯೇ' ಎಂದಿರಬೇಕು. 'ಪ್ರೀಮಾ' ಎಂದರೆ ಮೊದಲನೆಯ. 'ಫಕಿಯೇಸ್' ಎಂದರೆ ಮುಖ, ರೂಪ, ತೋರ್ಕೆ. ನಮ್ಮ ಒಬ್ಬ ವಿದ್ಯಾರ್ಥಿ ಇದಿಷ್ಟನ್ನು ನೋಡಿ 'ಮೊದಲ ಮುಖ' ಎಂದು ಬರೆದ. ಶಬ್ದಗಳ ಅರ್ಥ ಸರಿಯಾಗಿದೆ. ಆದರೆ ಅವನು ವಿಭಕ್ತಿಯನ್ನು ಕೈಬಿಟ್ಟಿದ್ದಾನೆ. ಇಲ್ಲಿರುವುದು 'ಫಕಿಯೇಸ್' ಎಂಬ ಪ್ರಥಮಾ ವಿಭಕ್ತಿಯ ರೂಪವಲ್ಲ, 'ಫಕಿಯೇ' ಎಂಬ ಬೇರೊಂದು ರೂಪ. ಲ್ಯಾಟಿನ್ ವ್ಯಾಕರಣದಲ್ಲಿ ಒಂದು ವಿಭಕ್ತಿಯುಂಟು. ನಮ್ಮ ತೃತೀಯಾ ಮತ್ತು ಪಂಚಮಿಗಳ ಕೆಲಸವನ್ನೂ, ಕೆಲಮಟ್ಟಿಗೆ ಸಪ್ತಮಿಯ ಕೆಲಸವನ್ನೂ ಅದೊಂದೇ ಮಾಡುತ್ತದೆ. ಆದುದರಿಂದ ಅಕ್ಷರಾರ್ಥವು 'ಮೊದಲ ತೋರ್ಕೆಯಿಂದ' ಅಥವಾ 'ಮೊದಲ ತೋರ್ಕೆಯಲ್ಲಿ' ಎಂದಾಗುತ್ತದೆ.

ಸಂಸ್ಕೃತವನ್ನು ಬಲ್ಲವರು ಇದಕ್ಕೆ 'ಪ್ರಥಮದೃಷ್ಟ್ಯಾ' ಎಂಬ ಮಾತನ್ನು ಕೊಟ್ಟದ್ದು ಬಹು ಜಾಣತನದ ಕೆಲಸ. 'ದೃಷ್ಟ್ಯಾ' ಎಂಬುದು ತೃತೀಯಾ ವಿಭಕ್ತಿಯ ರೂಪ. ಲ್ಯಾಟಿನ್ ವಿಭಕ್ತಿಗೆ ಸರಿಯಾಗಿ ಹೊಂದುತ್ತದೆ. ಆದರೆ ಈ ವಿಭಕ್ತಿಯ ಅರಿವಿಲ್ಲದ ನಮ್ಮ ಮಕ್ಕಳು ಅದನ್ನು 'ಪ್ರಥಮದೃಷ್ಟ್ಯಾದಲ್ಲಿ' ಎಂದು ಬರೆದು, ವಿಭಕ್ತಿಯ ಮೇಲೊಂದು ವಿಭಕ್ತಿಯನ್ನು ಹೇರುತ್ತಾರೆ. ಇನ್ನು 'ಪ್ರಥಮದೃಷ್ಟ್ಯಾ ಪ್ರಕರಣ' ಎಂದು ಬರೆದವರಿಗೆ, ಬರೆದ ಮೇಲೂ ಏನೋ ಕೊರತೆಯೆನಿಸುತ್ತದೆ. ಆ ಕೊರತೆ ಏನೆಂಬುದನ್ನು ವ್ಯಾಕರಣವೇ ತೋರಿಸಿಕೊಡುತ್ತದೆ.

'ಮೊದಲ ನೋಟಕ್ಕೆ' ಎಂಬುದು ಕ್ರಿಯೆಗೆ ಅಂಟಬೇಕಾದ ಮಾತು. ಮೊದಲ ನೋಟಕ್ಕೆ ಏನಾಯಿತು? ಕಂಡಿತೆ, ಒಪ್ಪಿಗೆಯಾಯಿತೆ, ಮೋಸ ಮಾಡಿತೆ? ಇಂಗ್ಲಿಷಿನವರು ಈ ಲ್ಯಾಟಿನ್ ಮಾತನ್ನು ಕ್ರಿಯೆಯ ಹಂಗಿಲ್ಲದೆ ನೇರವಾಗಿ ನಾಮಪದದ ಬೆನ್ನಿಗೆ ವಿಶೇಷಣದಂತೆ ಕಟ್ಟಿಬಿಟ್ಟರು. ನಡುವಿನ ಕ್ರಿಯೆ ಮರೆಯಾಗಿ ಹೋಯಿತು. ಕನ್ನಡವು ಹಾಗೆ ಬಿಡಲೊಲ್ಲದು. 'ಮೊದಲ ನೋಟಕ್ಕೆ' ಎಂಬ ಮಾತಿಗೂ 'ಪ್ರಕರಣ' ಎಂಬ ನಾಮಪದಕ್ಕೂ ನಡುವೆ ನಮಗೊಂದು ಕೃದಂತ ಬೇಕು: 'ಕಾಣುವ', 'ತೋರುವ', 'ನಿಲ್ಲುವ', ಇಂಥದೊಂದು. ಲ್ಯಾಟಿನ್ ಮಾತು ನುಂಗಿಕೊಂಡ ಕ್ರಿಯಾಪದವನ್ನು ಕನ್ನಡಿಗನು ಹುಡುಕಿ ತರಬೇಕು. ಅನುವಾದದ ಸರಿತಪ್ಪು ನಿರ್ಧಾರವಾಗುವುದು ಆ ಕ್ರಿಯಾಪದದಲ್ಲಿ. ನಮ್ಮ ಹುಡುಗ ಅದನ್ನು ಹುಡುಕದೆ 'ಮೇಲ್ನೋಟದ' ಎಂದು ಷಷ್ಠಿಯಲ್ಲಿ ಮುಗಿಸಿದ. ಓದುವವರು ತಮಗೆ ತೋಚಿದ ಕ್ರಿಯೆಯನ್ನು ತುಂಬಿಕೊಂಡರು.

ಹಾಗಾದರೆ ಇಲ್ಲಿ ಬೇಕಾದ ಕ್ರಿಯಾಪದ ಯಾವುದು? ಅದನ್ನು ತಿಳಿಯಲು ನ್ಯಾಯಾಲಯದ ಅಂಗಳಕ್ಕೆ ಹೋಗಬೇಕು.

ತಾತ್ಕಾಲಿಕ ತಡೆಯಾಜ್ಞೆಯನ್ನು ಕೊಡುವ ಮುನ್ನ ನ್ಯಾಯಾಲಯವು ಮೂರು ವಿಷಯಗಳನ್ನು ನೋಡುತ್ತದೆ. ಕೇಳುವವನ ಪಕ್ಷದಲ್ಲಿ ವಿಚಾರಣೆಗೆ ಯೋಗ್ಯವಾದ ಪ್ರಕರಣವಿದೆಯೆ ಎಂಬುದು ಒಂದು. ಆಜ್ಞೆ ಕೊಟ್ಟರೆ ಒಬ್ಬನಿಗೆ ಆಗುವ ತೊಂದರೆ ಹೆಚ್ಚೊ, ಕೊಡದಿದ್ದರೆ ಮತ್ತೊಬ್ಬನಿಗೆ ಆಗುವ ತೊಂದರೆ ಹೆಚ್ಚೊ ಎಂಬುದು ಇನ್ನೊಂದು. ಮುಂದೆ ಹಣದಿಂದ ತುಂಬಿಕೊಡಲಾಗದ ನಷ್ಟವೇನಾದರೂ ಆದೀತೆ ಎಂಬುದು ಮೂರನೆಯದು. ಇವುಗಳಲ್ಲಿ ಮೊದಲನೆಯದಕ್ಕೇ ಈ ಲ್ಯಾಟಿನ್ ಹೆಸರು. 1957ರಲ್ಲಿ ಸುಪ್ರೀಂ ಕೋರ್ಟು ಮಾರ್ಟಿನ್ ಬರ್ನ್ ಕಂಪನಿಯ ಪ್ರಕರಣದಲ್ಲಿ ಇದರ ಅರ್ಥವನ್ನು ಬಿಡಿಸಿ ಹೇಳಿತು. ಅದರ ಸಾರ ಹೀಗಿದೆ: ಇದು ಸಂಪೂರ್ಣವಾಗಿ ಸಿದ್ಧಪಟ್ಟ ಪ್ರಕರಣವಲ್ಲ, ಒದಗಿಸಿದ ಸಾಕ್ಷ್ಯವನ್ನು ನಂಬುವುದಾದರೆ ಸಿದ್ಧವಾಯಿತು ಎನ್ನಬಹುದಾದ ಪ್ರಕರಣ. 1992ರಲ್ಲಿ ವರದಿಯಾದ ದಲಪತ್ ಕುಮಾರ್ ಪ್ರಕರಣದಲ್ಲಿ ಅದೇ ನ್ಯಾಯಾಲಯ ಇನ್ನೊಂದು ಎಚ್ಚರಿಕೆಯನ್ನು ಸೇರಿಸಿತು. ಇಂಥ ಪ್ರಕರಣವಿದೆ ಎಂದರೆ ಆಸ್ತಿಯ ಹಕ್ಕು ಅವನದೇ ಎಂದು ತೀರ್ಮಾನವಾದಂತಲ್ಲ. ಹಕ್ಕಿನ ತೀರ್ಮಾನ ವಿಚಾರಣೆಯಲ್ಲಿ ಆಗತಕ್ಕದ್ದು.

ಇದನ್ನು ಕಾಕಾ ಅವರ ಹೊಲಕ್ಕೆ ಹಚ್ಚಿ ನೋಡೋಣ. ಅವರ ಬಳಿ ಇದ್ದುದು ಉತಾರ, ತಂದೆಯ ಕಾಲದ ಖರೀದಿಪತ್ರ ಮತ್ತು ಮೋಜಣಿಯವರು ಕೊಟ್ಟ ನಕಾಶೆ. 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 133ನೆಯ ಪ್ರಕರಣವು ಹಕ್ಕು ದಾಖಲೆಯ ನಮೂದಿನ ಬಗೆಗೆ ಒಂದು ಮಾತು ಹೇಳುತ್ತದೆ: ಅದು ತಪ್ಪೆಂದು ರುಜುವಾತಾಗುವವರೆಗೆ, ಅಥವಾ ಕಾನೂನಿನ ಪ್ರಕಾರ ಅದರ ಬದಲಿಗೆ ಹೊಸ ನಮೂದು ಬರುವವರೆಗೆ, ಅದನ್ನು ನಿಜವೆಂದು ಭಾವಿಸತಕ್ಕದ್ದು. ಉತಾರದ ನಮೂದಿಗೆ ಬೆಲೆಯಿದೆ. ಅದನ್ನು ತೋರಿಸಿದವನ ಕಡೆಗೆ ತಕ್ಕಡಿ ವಾಲುತ್ತದೆ. ಆದರೆ ಎದುರಾಳಿಯು ಇನ್ನೂ ಬಲವಾದ ಪುರಾವೆ ತಂದರೆ ಅದೇ ತಕ್ಕಡಿ ಅತ್ತ ವಾಲಬಹುದು. 'ಪ್ರೈಮಾ ಫೇಸಿ' ಎಂಬುದರ ತಿರುಳನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಉದಾಹರಣೆ ನಮ್ಮ ರೈತರಿಗೆ ಬೇರೊಂದಿಲ್ಲ.

ಈ ಮಾತಿಗೆ ಎರಡು ಮಗ್ಗುಲುಗಳಿರುವುದು ಇದರಿಂದ ತಿಳಿಯುತ್ತದೆ. ಸದ್ಯಕ್ಕೆ ಇದು ಸಾಕು, ಇದರ ಮೇಲೆ ಮುಂದಿನ ಹೆಜ್ಜೆಯಿಡಬಹುದು ಎಂಬುದು ಒಂದು ಮಗ್ಗುಲು. ಎದುರು ಪುರಾವೆ ಬಂದರೆ ಇದು ಬಿದ್ದುಹೋಗಬಹುದು ಎಂಬುದು ಇನ್ನೊಂದು. 'ಮೇಲ್ನೋಟದ' ಎಂಬ ಬರಿಯ ಮಾತು ಎರಡನೆಯದನ್ನು ಮಿತಿಮೀರಿ ಹೇಳುತ್ತದೆ. ಮೊದಲನೆಯದನ್ನು ಹೇಳುವುದೇ ಇಲ್ಲ.

ಇದು ಕನ್ನಡದ ಬಡತನವೆಂದು ಯಾರೂ ಭಾವಿಸಬೇಕಾಗಿಲ್ಲ. ಡಬ್ಲ್ಯು. ಡಿ. ರಾಸ್ ಎಂಬ ಸ್ಕಾಟಿಷ್ ತತ್ತ್ವಜ್ಞಾನಿ 1930ರಲ್ಲಿ ನೀತಿಶಾಸ್ತ್ರದ ಮೇಲೆ ಬರೆದ ಗ್ರಂಥದಲ್ಲಿ ಇದೇ ಲ್ಯಾಟಿನ್ ಮಾತನ್ನು ಕರ್ತವ್ಯಗಳಿಗೆ ಹಚ್ಚಿದರು. ಕೊಟ್ಟ ಮಾತನ್ನು ಉಳಿಸಿಕೊಳ್ಳುವುದು ಕರ್ತವ್ಯ. ಆದರೆ ಅದಕ್ಕಿಂತ ತೂಕದ ಕರ್ತವ್ಯವೊಂದು ಅದೇ ಗಳಿಗೆಯಲ್ಲಿ ಎದುರಾದರೆ ಮೊದಲನೆಯದು ಹಿಂದೆ ಸರಿಯಬೇಕಾದೀತು. ಇಂಥ ಕರ್ತವ್ಯಕ್ಕೆ ಅವರು ಈ ಹೆಸರಿಟ್ಟರು. ಇಟ್ಟವರೇ, ಈ ಮಾತು ಬರಿಯ ತೋರಿಕೆಯನ್ನು ಸೂಚಿಸುವಂತಿದೆ, ತಾನು ಹೇಳುವುದು ತೋರಿಕೆಯ ಕರ್ತವ್ಯವನ್ನಲ್ಲ ಎಂದು ವಾಚಕರಲ್ಲಿ ಅರಿಕೆ ಮಾಡಿಕೊಳ್ಳಬೇಕಾಯಿತು. ಅಣ್ಣಿಗೇರಿಯ ರೈತರು ಎಡವಿದ ಕಲ್ಲನ್ನೇ ಆ ಪಂಡಿತರೂ ದಾರಿಯಲ್ಲಿ ಕಂಡಿದ್ದರು.

ನಮ್ಮ ಶಾಸ್ತ್ರಗಳಿಂದ ಒಂದು ಸಿದ್ಧ ಶಬ್ದವನ್ನು ಎತ್ತಿಕೊಳ್ಳಬಾರದೇಕೆ ಎಂದು ತರಗತಿಯಲ್ಲಿ ಒಬ್ಬಳು ಕೇಳಿದಳು. ಅವಳು ಸೂಚಿಸಿದ್ದು 'ಪೂರ್ವಪಕ್ಷ'. ಪ್ರಶ್ನೆ ಒಳ್ಳೆಯದು. ಮೀಮಾಂಸಾ ಗ್ರಂಥಗಳನ್ನು ಇಂಗ್ಲಿಷಿಗೆ ತಂದ ಗಂಗಾನಾಥ ಝಾ ಅವರಂಥ ವಿದ್ವಾಂಸರು ಪೂರ್ವಪಕ್ಷಕ್ಕೆ ಈ ಲ್ಯಾಟಿನ್ ಮಾತನ್ನೇ ಬಳಸಿದ್ದಾರೆ. ಆದರೆ ದಾರಿ ಹೋಗಲು ಬಂದರೆ ಮರಳಲೂ ಬರುತ್ತದೆಂದೇನಿಲ್ಲ. ಪೂರ್ವಪಕ್ಷವನ್ನು ಮಂಡಿಸುವುದು ಅದನ್ನು ಖಂಡಿಸಿ ಸಿದ್ಧಾಂತಕ್ಕೆ ಹೋಗುವುದಕ್ಕಾಗಿ. ಬೀಳುವುದು ಅದರ ಹಣೆಯಬರಹ. ನ್ಯಾಯಾಲಯದ ಪ್ರಕರಣ ಬೀಳಲೂಬಹುದು, ಕೊನೆಯವರೆಗೆ ನಿಲ್ಲಲೂಬಹುದು. 'ವಾದಿಯದು ಪೂರ್ವಪಕ್ಷ' ಎಂದು ಬರೆದಿದ್ದರೆ ಕಾಕಾ ಇನ್ನಷ್ಟು ಕಂಗೆಡುತ್ತಿದ್ದರು.

ಕೊನೆಗೆ ಬೇಕಾದ ಕ್ರಿಯಾಪದವನ್ನು ಕೊಟ್ಟವರು ಕಾಕಾ ಅವರೇ. ಅಂದು ಸಂಜೆ ನಾನು ಉತಾರದ ಉದಾಹರಣೆಯಿಂದ ಆದೇಶದ ಅರ್ಥವನ್ನು ಬಿಡಿಸಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂದ್ರ ನನ್ನ ಮಾತು ಸದ್ಯಕ್ಕ ನಿಂತೈತಿ. ಗೆದ್ದಿಲ್ಲ, ಖರೆ ನಿಂತೈತಿ" ಎಂದರು. 'ಈ ಮಾತು ನಿಲ್ಲುತ್ತದೆ', 'ಆ ವಾದ ನಿಲ್ಲುವುದಿಲ್ಲ' ಎಂದು ಪಂಚಾಯಿತಿ ಕಟ್ಟೆಯಲ್ಲಿ ನಾವು ದಿನವೂ ಆಡುತ್ತೇವೆ. ನಿಂತದ್ದು ಬೀಳಬಹುದು, ಆದರೆ ಈಗ ಅದು ನಿಂತಿದೆ. ಎರಡು ಮಗ್ಗುಲುಗಳೂ ಒಂದೇ ಧಾತುವಿನಲ್ಲಿ ಅಡಗಿವೆ. ಆದುದರಿಂದ ನಾನೀಗ ವಿದ್ಯಾರ್ಥಿಗಳಿಗೆ ಹೇಳುವುದು 'ಮೊದಲ ನೋಟಕ್ಕೆ ನಿಲ್ಲುವ ಪ್ರಕರಣ' ಎಂದು. ಪರೀಕ್ಷೆಯಲ್ಲಿ ಸಂಸ್ಕೃತದ ಮಾತೇ ಬೇಕೆಂದರೆ 'ಪ್ರಥಮದೃಷ್ಟ್ಯಾ ನಿಲ್ಲುವ ಪ್ರಕರಣ' ಎನ್ನಲಿ. ಸ್ಥಳ ನೋಡಿದ ಪೊಲೀಸರು 'ಇದು ಕಳವೆಂದು ಮೇಲ್ನೋಟಕ್ಕೆ ಕಂಡುಬರುತ್ತದೆ' ಎಂದರೆ ಅಲ್ಲಿ 'ಕಾಣುವುದು' ಸರಿಯಾದ ಕ್ರಿಯೆ; ಅವರು ಹೇಳುತ್ತಿರುವುದು ತಮ್ಮ ಊಹೆಯನ್ನು. ನ್ಯಾಯಾಲಯದ ಮಾತಿಗೆ ಅದು ಸಾಲದು.

ಇಷ್ಟು ಚರ್ಚೆಯಾದ ಮೇಲೆ ವಿಜ್ಞಾನ ವಿಭಾಗದ ಇಬ್ಬರು ವಿದ್ಯಾರ್ಥಿಗಳು ತಮ್ಮ ಪುಸ್ತಕ ಹಿಡಿದುಕೊಂಡು ಬಂದರು. ಅವರನ್ನು ಕಾಡುತ್ತಿದ್ದುದು 'ಇನ್ ವಿಟ್ರೊ' ಎಂಬ ಮಾತು. ಇದರ ವ್ಯಾಕರಣ ಮೊದಲಿನದಕ್ಕಿಂತ ಸುಲಭ. 'ವಿಟ್ರುಮ್' ಎಂದರೆ ಗಾಜು. 'ಇನ್' ಎಂಬ ಅವ್ಯಯದ ಮುಂದೆ ನಾನು ಮೇಲೆ ಹೇಳಿದ ವಿಭಕ್ತಿ ಬಂದರೆ 'ಒಳಗಿರುವುದು' ಎಂಬರ್ಥ. ದ್ವಿತೀಯಾ ವಿಭಕ್ತಿ ಬಂದರೆ 'ಒಳಕ್ಕೆ ಹೋಗುವುದು' ಎಂಬರ್ಥ. ಇಲ್ಲಿರುವುದು ಮೊದಲಿನದು. ಆದುದರಿಂದ 'ಗಾಜಿನಲ್ಲಿ', ನಮ್ಮ ಸಪ್ತಮಿಗೆ ನೇರವಾಗಿ ಹೊಂದುತ್ತದೆ. ಅಕ್ಷರಾರ್ಥ ಇಷ್ಟು ಸರಳವಾಗಿದ್ದರೂ ಇಲ್ಲಿ ಮತ್ತೆ ಅದೇ ಪ್ರಶ್ನೆ ಏಳುತ್ತದೆ: ಗಾಜಿನಲ್ಲಿ ನಡೆದದ್ದು ಏನು?

1978ರ ಜುಲೈ 25ರಂದು ಇಂಗ್ಲೆಂಡಿನ ಓಲ್ಡಮ್ ಪಟ್ಟಣದಲ್ಲಿ ಲೂಯಿಸ್ ಬ್ರೌನ್ ಎಂಬ ಹೆಣ್ಣು ಮಗು ಹುಟ್ಟಿತು. ರಾಬರ್ಟ್ ಎಡ್ವರ್ಡ್ಸ್ ಎಂಬ ವಿಜ್ಞಾನಿ ಮತ್ತು ಪ್ಯಾಟ್ರಿಕ್ ಸ್ಟೆಪ್ಟೊ ಎಂಬ ವೈದ್ಯರು ತಾಯಿಯ ಅಂಡವನ್ನು ಹೊರತೆಗೆದು, ತಂದೆಯ ವೀರ್ಯದೊಡನೆ ಅದನ್ನು ಗಾಜಿನ ಪಾತ್ರೆಯಲ್ಲಿ ಕೂಡಿಸಿ, ಫಲಿತ ಅಂಡವನ್ನು ಕೆಲವು ದಿನಗಳಲ್ಲೇ ತಾಯಿಯ ಗರ್ಭಕೋಶದಲ್ಲಿ ಇರಿಸಿದ್ದರು. ಪತ್ರಿಕೆಗಳು ಈ ಮಗುವನ್ನು 'ಟೆಸ್ಟ್ ಟ್ಯೂಬ್ ಬೇಬಿ' ಎಂದು ಕರೆದವು. ನಾವು 'ಪ್ರನಾಳ ಶಿಶು' ಎಂದೆವು. ಹೆಸರು ಜನರ ಬಾಯಲ್ಲಿ ಕುಳಿತಿತು. ಅದರೊಡನೆ ಒಂದು ತಪ್ಪು ತಿಳಿವಳಿಕೆಯೂ ಕುಳಿತಿತು. ಮಗು ಒಂಬತ್ತು ತಿಂಗಳು ಗಾಜಿನ ನಳಿಗೆಯಲ್ಲಿ ಬೆಳೆಯಿತೆಂದು ನಂಬಿದವರನ್ನು ನಾನೇ ಕಂಡಿದ್ದೇನೆ.

ಈ ಹೆಸರಿನಲ್ಲಿ ಎರಡು ತಪ್ಪುಗಳಿವೆ. ಬಳಸಿದ್ದು ಉದ್ದನೆಯ ಪ್ರನಾಳವಲ್ಲ, ಅಗಲವಾದ ಚಿಕ್ಕ ತಟ್ಟೆ. ಇದು ಸಣ್ಣ ತಪ್ಪು. ದೊಡ್ಡ ತಪ್ಪು ವ್ಯಾಕರಣದ್ದು: ವಿಶೇಷಣವು ತನ್ನ ವಿಶೇಷ್ಯವನ್ನು ಬಿಟ್ಟು ಬೇರೊಂದಕ್ಕೆ ಅಂಟಿದೆ. ಲ್ಯಾಟಿನ್ ಮಾತು ಬಣ್ಣಿಸುವುದು ಫಲೀಕರಣವನ್ನು, ಮಗುವನ್ನಲ್ಲ. ಗಾಜಿನಲ್ಲಿ ನಡೆದದ್ದು ಅಂಡ ಮತ್ತು ವೀರ್ಯಾಣುಗಳ ಕೂಡಿಕೆ ಮತ್ತು ಮೊದಲ ಕೆಲವು ದಿನಗಳ ಬೆಳವಣಿಗೆ. ಉಳಿದ ತಿಂಗಳುಗಳ ಬೆಳವಣಿಗೆ ಎಲ್ಲ ಮಕ್ಕಳಂತೆ ತಾಯಿಯ ಒಡಲಿನಲ್ಲಿ. 'ದೇಹದ ಹೊರಗೆ ನಡೆಸಿದ ಫಲೀಕರಣ' ಎಂದು ಬಿಡಿಸಿ ಬರೆದರೆ ಈ ತಪ್ಪಿಗೆ ಎಡೆಯಿರುವುದಿಲ್ಲ. 'ನಡೆಸಿದ' ಎಂಬ ಕೃದಂತವು ತನ್ನ ನಾಮಪದವನ್ನು ಬಿಟ್ಟು ಅತ್ತಿತ್ತ ಹೋಗದು. ಮಕ್ಕಳಿಲ್ಲದ ದಂಪತಿಗಳು ವೈದ್ಯರ ಬಳಿ ಕುಳಿತು ಈ ಚಿಕಿತ್ಸೆಗೆ ಒಪ್ಪಬೇಕೋ ಬೇಡವೋ ಎಂದು ಯೋಚಿಸುವಾಗ, ಈ ಎರಡು ಮಾತುಗಳ ಅಂತರ ಚಿಕ್ಕದಲ್ಲ.

ಆದರೆ 'ಗಾಜಿನಲ್ಲಿ' ಎಂದಿದ್ದುದನ್ನು ನಾನು 'ದೇಹದ ಹೊರಗೆ' ಎಂದೇಕೆ ಬರೆದೆ? ಹುಡುಗರು ಇದನ್ನು ಕೇಳದೆ ಬಿಡಲಿಲ್ಲ. ಇಂದಿನ ತಟ್ಟೆಗಳು ಬಹುಮಟ್ಟಿಗೆ ಪ್ಲಾಸ್ಟಿಕ್ಕಿನವು ಎಂಬುದು ಒಂದು ಕಾರಣ. ಅದಕ್ಕಿಂತ ಮುಖ್ಯವಾದುದು ಇನ್ನೊಂದಿದೆ. ಈ ಮಾತಿಗೆ ಒಂದು ಜೊತೆಯ ಮಾತುಂಟು: 'ಇನ್ ವಿವೊ', ಎಂದರೆ ಬದುಕಿರುವ ಜೀವಿಯಲ್ಲಿ. ಜೋಡಿಯಲ್ಲಿ ಒಂದನ್ನು ಅನುವಾದಿಸುವಾಗ ಇನ್ನೊಂದರ ಮೇಲೆ ಕಣ್ಣಿರಬೇಕು. ಇದಕ್ಕೆ ಔಷಧಗಳ ಇತಿಹಾಸದಲ್ಲಿ ಒಂದು ಸೊಗಸಾದ ನಿದರ್ಶನವಿದೆ.

ಜರ್ಮನಿಯ ಗೆರ್ಹಾರ್ಡ್ ಡೋಮಾಕ್ ಎಂಬ ವಿಜ್ಞಾನಿ 1932ರ ಸುಮಾರಿನಲ್ಲಿ ಬಣ್ಣದ ಕಾರ್ಖಾನೆಯಿಂದ ಬಂದ ಒಂದು ಕೆಂಪು ವಸ್ತುವನ್ನು ಪರೀಕ್ಷಿಸುತ್ತಿದ್ದರು. ಅದರ ಹೆಸರು ಪ್ರೊಂಟೊಸಿಲ್. ರೋಗಾಣುಗಳನ್ನು ತಟ್ಟೆಯಲ್ಲಿ ಬೆಳೆಸಿ ಅದರ ಮೇಲೆ ಈ ಬಣ್ಣವನ್ನು ಹಾಕಿದರೆ ರೋಗಾಣುಗಳಿಗೆ ಏನೂ ಆಗುತ್ತಿರಲಿಲ್ಲ. ಅದೇ ರೋಗಾಣುಗಳನ್ನು ಇಲಿಗೆ ಚುಚ್ಚಿ, ಬಳಿಕ ಈ ಬಣ್ಣವನ್ನು ಕೊಟ್ಟರೆ ಇಲಿ ಬದುಕುತ್ತಿತ್ತು. ಗಾಜಿನಲ್ಲಿ ಸುಮ್ಮನಿದ್ದ ಮದ್ದು ಒಡಲಿನಲ್ಲಿ ಕೆಲಸ ಮಾಡಿತು! ಡೋಮಾಕ್ ಇದನ್ನು 1935ರಲ್ಲಿ ಪ್ರಕಟಿಸಿದರು. ಅದೇ ವರ್ಷ ಪ್ಯಾರಿಸಿನ ಪಾಸ್ಟರ್ ಸಂಸ್ಥೆಯ ವಿಜ್ಞಾನಿಗಳು ಗುಟ್ಟನ್ನು ಬಿಡಿಸಿದರು. ದೇಹವು ಆ ಕೆಂಪು ವಸ್ತುವನ್ನು ಒಡೆದು, ಅದರೊಳಗಿನ ಸಲ್ಫಾನಿಲಮೈಡ್ ಎಂಬ ಬಣ್ಣವಿಲ್ಲದ ವಸ್ತುವನ್ನು ಬಿಡುಗಡೆ ಮಾಡುತ್ತದೆ. ರೋಗಾಣುಗಳನ್ನು ತಡೆಯುವುದು ಅದು. ತಟ್ಟೆಯಲ್ಲಿ ಹಾಗೆ ಒಡೆಯುವವರು ಯಾರೂ ಇರಲಿಲ್ಲ.

ಈಗ ಈ ಕಥೆಯನ್ನು ಕನ್ನಡದಲ್ಲಿ ಬರೆಯಬೇಕೆಂದಿಟ್ಟುಕೊಳ್ಳಿ. 'ಇನ್ ವಿಟ್ರೊ' ಎಂಬುದಕ್ಕೆ 'ಪ್ರಯೋಗಾಲಯದಲ್ಲಿ' ಎಂದು ಬರೆಯುವ ರೂಢಿಯುಂಟು. ಹಾಗೆ ಬರೆದು ನೋಡಿದರೆ, 'ಮದ್ದು ಪ್ರಯೋಗಾಲಯದಲ್ಲಿ ಕೆಲಸ ಮಾಡಲಿಲ್ಲ, ಇಲಿಯಲ್ಲಿ ಕೆಲಸ ಮಾಡಿತು' ಎಂದಾಗುತ್ತದೆ. ಇಲಿ ಇದ್ದುದೆಲ್ಲಿ? ಅದೂ ಪ್ರಯೋಗಾಲಯದಲ್ಲೇ. ಬೇಕಾದ ಭೇದವು ಕಟ್ಟಡದ ಒಳಗು ಹೊರಗಿನದಲ್ಲ, ಒಡಲಿನ ಒಳಗು ಹೊರಗಿನದು. ಆದುದರಿಂದ 'ದೇಹದ ಹೊರಗೆ ನಡೆಸಿದ ಪರೀಕ್ಷೆ', 'ದೇಹದ ಒಳಗೆ ನಡೆಸಿದ ಪರೀಕ್ಷೆ' ಎಂಬ ಜೋಡಿ ಮಾತುಗಳು ಇಲ್ಲಿ ಒಪ್ಪುತ್ತವೆ. ಯಾವುದೋ ಸೊಪ್ಪಿನ ರಸ ರೋಗಾಣುವನ್ನು ಕೊಂದಿತೆಂದು ಸುದ್ದಿ ಬಂದಾಗ, ಅದು ಯಾವ ಬಗೆಯ ಪರೀಕ್ಷೆ ಎಂಬುದನ್ನು ಅನುವಾದಕನು ಮರೆಮಾಚಿದರೆ, ಓದುಗನು ಅಂದೇ ಸೊಪ್ಪು ಕುದಿಸಿ ಕುಡಿಯಲು ತೊಡಗಿಯಾನು. ತಟ್ಟೆಯಲ್ಲಿ ಕೊಲ್ಲುವಷ್ಟು ಗಟ್ಟಿಯಾದ ರಸವು ರಕ್ತದಲ್ಲಿ ಆ ಗಟ್ಟಿತನಕ್ಕೆ ಮುಟ್ಟದೆ ಹೋಗಬಹುದು, ಕರುಳಿನಲ್ಲೇ ಕೆಟ್ಟುಹೋಗಬಹುದು.

ಹಾಗೆಂದು 'ದೇಹದ ಹೊರಗೆ' ಎಂಬುದನ್ನೇ ಎಲ್ಲೆಡೆಯೂ ಹಚ್ಚಲಾಗದು. ಇನ್ನೊಬ್ಬ ವಿದ್ಯಾರ್ಥಿಯ ಪುಸ್ತಕದಲ್ಲಿ ಅದೇ ಲ್ಯಾಟಿನ್ ಮಾತು ಬಾಳೆಯ ಸಸಿಗಳಿಗೆ ಬಂದಿತ್ತು. ಅಂಗಾಂಶ ಕೃಷಿಯ ಬಾಳೆಯನ್ನು ನಮ್ಮ ಕಡೆಯ ರೈತರು 'ಟಿಶ್ಯೂ ಕಲ್ಚರ್ ಬಾಳೆ' ಎನ್ನುತ್ತಾರೆ. ಆರೋಗ್ಯವಾದ ಬಾಳೆಯ ಕಂದಿನಿಂದ ಬೆಳೆಯುವ ತುದಿಯನ್ನು ತೆಗೆದು, ಸೂಕ್ಷ್ಮಾಣುಗಳಿಲ್ಲದಂತೆ ಶುದ್ಧಿಮಾಡಿ, ಸಕ್ಕರೆ, ಲವಣ, ಜೀವಸತ್ವಗಳಿರುವ ಪಾಕದ ಮೇಲೆ ಸೀಸೆಯಲ್ಲಿ ಇಡುತ್ತಾರೆ. ತುದಿಯು ಒಂದಕ್ಕೆ ಹಲವಾಗಿ ಚಿಗುರುತ್ತದೆ. ಅವನ್ನು ಬಿಡಿಸಿ ಬೇರು ಬರಿಸುತ್ತಾರೆ. ಕೊನೆಗೆ ನೆರಳುಮನೆಯಲ್ಲಿಟ್ಟು ಮೆಲ್ಲಗೆ ಹೊರಗಿನ ಗಾಳಿಗೂ ಬಿಸಿಲಿಗೂ ಒಗ್ಗಿಸುತ್ತಾರೆ. ಸೀಸೆಯ ತೇವದಲ್ಲಿ ಬೆಳೆದ ಎಲೆಯನ್ನು ಒಮ್ಮೆಲೇ ಹೊಲಕ್ಕೆ ತಂದರೆ ಬಾಡಿಹೋಗುತ್ತದೆ. ಇಲ್ಲಿ ಸೀಸೆಯಲ್ಲಿರುವುದು ಬೇರು ಎಲೆಗಳುಳ್ಳ ಇಡಿಯ ಸಸಿಯೇ. 'ದೇಹದ ಹೊರಗೆ ಬೆಳೆಸಿದ ಸಸಿ' ಎಂದರೆ ಯಾರ ದೇಹ? ಇಲ್ಲಿ ಎದುರು ನಿಂತಿರುವುದು ಒಡಲಲ್ಲ, ಮಣ್ಣು. ಆದುದರಿಂದ 'ಸೀಸೆಯಲ್ಲಿ ಬೆಳೆಸಿದ ಸಸಿ', 'ಮಣ್ಣಿನಲ್ಲಿ ಬೆಳೆಸಿದ ಸಸಿ' ಎನ್ನಬೇಕು. ಲ್ಯಾಟಿನ್ನಿನಲ್ಲಿ ಒಂದೇ ಮಾತಾಗಿದ್ದುದು ಕನ್ನಡದಲ್ಲಿ ಎರಡಾಯಿತು; ಅದರಲ್ಲಿ ದೋಷವೇನೂ ಇಲ್ಲ.

ಇಷ್ಟರ ಮೇಲೆ ನಮ್ಮ ತರಗತಿಯಲ್ಲಿ ಒಂದು ಪದ್ಧತಿ ತಾನಾಗಿ ಏರ್ಪಟ್ಟಿತು. ಇಂಥ ಮಾತು ಎದುರಾದರೆ ಮೊದಲು ಅದರ ವಿಭಕ್ತಿಯನ್ನು ಗುರುತಿಸುವುದು. ಎರಡನೆಯದಾಗಿ ಅದು ಯಾವ ನಾಮಪದವನ್ನು ಬಣ್ಣಿಸುತ್ತದೆಂದು ನೋಡಿ, ನಡುವೆ ಅಡಗಿರುವ ಕ್ರಿಯೆಯನ್ನು ಹುಡುಕುವುದು. ಮೂರನೆಯದಾಗಿ ಅದರ ಎದುರುಮಾತು ಯಾವುದೆಂದು ಕೇಳುವುದು. ನಮ್ಮ ಲ್ಯಾಟಿನ್ ಮಾತಿನ ಎದುರು ನಿಂತದ್ದು ನ್ಯಾಯಾಲಯದಲ್ಲಿ ಅಂತಿಮ ತೀರ್ಮಾನ, ಔಷಧದಲ್ಲಿ ಒಡಲು, ತೋಟದಲ್ಲಿ ಮಣ್ಣು. ಎದುರುಮಾತು ತಿಳಿದರೆ ಬೇಕಾದ ಕನ್ನಡ ಹತ್ತಿರದಲ್ಲೇ ಇರುತ್ತದೆ. ಕೊನೆಗೆ, ಬರೆದುದನ್ನು ಆ ವಿಷಯ ತಿಳಿಯದ ಒಬ್ಬರಿಗೆ ಓದಿ, ಅವರು ಏನು ತಿಳಿದರೆಂದು ಅವರ ಮಾತಿನಲ್ಲೇ ಹೇಳಿಸುವುದು.

ಈ ಪದ್ಧತಿಗೆ ಒಂದು ಬೆಲೆ ತೆರಬೇಕಾಗುತ್ತದೆ. ಎರಡು ಶಬ್ದಗಳ ಲ್ಯಾಟಿನ್ ಮಾತು ಕನ್ನಡದಲ್ಲಿ ಮೂರು ನಾಲ್ಕು ಶಬ್ದಗಳಾಗಿ ಹಬ್ಬುತ್ತದೆ. ಚಿಕ್ಕದು ಬೇಕೆಂಬ ಆತುರದಲ್ಲಿ ಕೆಲವರು 'ಮೇಲ್ದೃಷ್ಟಿ' ಎಂಬಂಥ ಶಬ್ದಗಳನ್ನು ಕಟ್ಟಿದರು. ಕನ್ನಡದ 'ಮೇಲ್' ಸಂಸ್ಕೃತದ 'ದೃಷ್ಟಿ'ಯೊಡನೆ ಹೀಗೆ ಕೂಡುವುದನ್ನು ನಮ್ಮ ಹಳೆಯ ಲಕ್ಷಣಕಾರರು ಅರಿಸಮಾಸವೆಂದು ಕರೆದು ಎಚ್ಚರಿಸಿದ್ದಾರೆ. ಆ ಕಟ್ಟಳೆಯನ್ನು ಇಂದು ಯಾರೂ ಬಿಗಿಯಾಗಿ ಪಾಲಿಸುತ್ತಿಲ್ಲವೆಂಬುದು ನಿಜ. ಆದರೂ ಕಿವಿಗೆ ಒರಟಾದ ಶಬ್ದವು ಅರ್ಥವನ್ನೂ ತಿಳಿಯಾಗಿ ಕೊಡದಿದ್ದರೆ, ಅದನ್ನು ಕಟ್ಟಿ ಪಡೆದ ಲಾಭವೇನು? ತಿಳಿಯಾದ ನಾಲ್ಕು ಶಬ್ದಗಳನ್ನು ಮೊದಲ ಸಲ ಬರೆದು, ಮುಂದೆ ಬೇಕಾದರೆ ಮೂಲದ ಹೆಸರನ್ನೇ ಕನ್ನಡ ಲಿಪಿಯಲ್ಲಿ ಬಳಸಿದರೆ ವಿದ್ಯಾರ್ಥಿಗೆ ಎರಡೂ ದಕ್ಕುತ್ತವೆ.

ಕಾಕಾ ಅವರ ದಾವೆ ಇನ್ನೂ ನಡೆಯುತ್ತಿದೆ. ಬದುವಿನ ಮೇಲಿನ ಬಾಂದುಕಲ್ಲು ಸದ್ಯಕ್ಕೆ ಇದ್ದಲ್ಲೇ ಇದೆ. ಮೊನ್ನೆ ಸಂತೆಯಲ್ಲಿ ಸಿಕ್ಕಾಗ ವಿಚಾರಿಸಿದೆ. "ಇನ್ನೂ ನಿಂತೈತ್ರೀ ಮಾಸ್ತರ" ಎಂದು ನಕ್ಕರು. ಹುಡುಗ ಆ ಆದೇಶವನ್ನು ಎರಡನೆಯ ಸಲ ಕನ್ನಡಕ್ಕೆ ತಿರುಗಿಸಿ, ಉತಾರದ ಜೊತೆಗೆ ಕಡತದಲ್ಲಿ ಇಟ್ಟುಕೊಟ್ಟಿದ್ದಾನೆಂದು ಅವರಿಂದ ತಿಳಿಯಿತು.